ತಿರುವಿಗೆ ಇಳಿಯುವಾಗ ಹಿಂಭಾಗ ಜಾರುತ್ತಿದ್ದ ಕಾರನ್ನು ಸರಿಮಾಡಿದ್ದು

ರೇಸಿಂಗ್ ಗೇಮಿನ ನನ್ನ ಕಾರು ಹಿಂಚಕ್ರ ಚಾಲನೆಯದು. ಬ್ರೇಕ್ ಹಿಡಿದು ಸ್ಟಿಯರಿಂಗ್ ತಿರುಗಿಸಿದರೆ ಸಾಕು, ಹಿಂಭಾಗ ಹೊರಕ್ಕೆ ಜಾರುತ್ತಿತ್ತು. ಹಿಂದಿನ ಟೈರುಗಳ ಗಾಳಿ 2 ಪಿಎಸ್‌ಐ ಇಳಿಸಿದೆ, ಎಲ್ಲ ಗೇರುಗಳ ಅನುಪಾತವನ್ನು ಒಟ್ಟಿಗೆ ಬದಲಿಸುವ ಫೈನಲ್ ಡ್ರೈವ್ ಉದ್ದ ಮಾಡಿದೆ. ಜಾರುವುದು ನಿಲ್ಲಲಿಲ್ಲ, ವೇಗ ಏರುವುದೂ ನಿಧಾನವಾಯಿತು. ಎರಡನ್ನೂ ಮೊದಲಿನಂತೆ ಇಟ್ಟೆ.

ಆಮೇಲೆ ಬ್ರೇಕ್ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಬ್ರೇಕ್ ಬಯಾಸ್ ಮುಟ್ಟಿದೆ. ಮುಂದಕ್ಕೆ 54% ಇದ್ದದ್ದನ್ನು ಒಂದೊಂದೇ ಏರಿಸುತ್ತಾ, ಪ್ರತಿ ಸಲ ಮೂರು ಸುತ್ತು ಓಡಿಸಿ 57ಕ್ಕೆ ನಿಲ್ಲಿಸಿದೆ. 58ರಲ್ಲಿ ಮುಂದಿನ ಚಕ್ರಗಳು ಲಾಕ್ ಆಗಿ ಕಾರು ತಿರುಗದೆ ನೇರ ಹೋಗುತ್ತಿತ್ತು.

ನಂತರವೇ ಎರಡು ಹಿಂಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್: ಅದರ ಕೋಸ್ಟ್ ಲಾಕ್ 20%ರಿಂದ 40%ಕ್ಕೆ ಏರಿಸಿದೆ. ನಿಜವಾಗಿ ಕೆಲಸ ಮಾಡಿದ್ದು ಇದೇ. ಆಕ್ಸಿಲರೇಟರ್ ಬಿಟ್ಟಾಗ ಎರಡು ಹಿಂಚಕ್ರಗಳ ವೇಗದ ವ್ಯತ್ಯಾಸವನ್ನು ಅದು ತಡೆಯುತ್ತದೆ, ಹಿಂಭಾಗ ನೆಟ್ಟಗೆ ನಿಲ್ಲುತ್ತದೆ. 50 ದಾಟಿಸಿದರೆ ಕಾರು ತಿರುವಿಗೆ ಬಗ್ಗುವುದೇ ಇಲ್ಲ. ಸುತ್ತಿಗೆ 0.8 ಸೆಕೆಂಡ್ ಉಳಿಯಿತು.