ಜ್ವರ ಎಷ್ಟಿದೆ? ಎಲ್ಲಿಟ್ಟು ನೋಡಿದಿರಿ?

ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿರುವ ನನಗೆ ದಿನಾ ಬೆಳಿಗ್ಗೆ ಕೇಳುವ ಮಾತು ಇದು: 'ಸಿಸ್ಟರ್, ರಾತ್ರಿಯೆಲ್ಲಾ ನೂರೆರಡು ಜ್ವರ ಇತ್ತು.' ಆಗ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಥರ್ಮಾಮೀಟರ್ ಎಲ್ಲಿಟ್ಟು ನೋಡಿದಿರಿ? ಎಷ್ಟು ಗಂಟೆಗೆ? ಅದಕ್ಕೂ ಮುಂಚೆ ಔಷಧಿ ಯಾವಾಗ ಕೊಟ್ಟಿದ್ದಿರಿ? ಇವು ಗೊತ್ತಿಲ್ಲದೆ ಬರೀ ನೂರೆರಡು ಅಂದರೆ ಡಾಕ್ಟರಿಗೆ ಅರ್ಧ ವಿಷಯ ಮಾತ್ರ ಸಿಕ್ಕಂತೆ. ಮಗಳು ಬಾಣಂತನಕ್ಕೆ ಬಂದಾಗ ಮನೆಯಲ್ಲಿ ಕೂಸು, ಮಗನ ನಾಲ್ಕು ವರ್ಷದ ಹುಡುಗಿ, ಎಂಬತ್ತು ದಾಟಿದ ಅತ್ತೆ, ನಾಲ್ಕು ತಲೆಮಾರು ಒಟ್ಟಿಗೆ ಇದ್ದರು. ಆಗ ನಾನು ಮನೆಯಲ್ಲಿ ಜ್ವರ ನೋಡುತ್ತಿದ್ದ ರೀತಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಥರ್ಮಾಮೀಟರ್ ವಿಷಯ. ಬೀರುವಿನಲ್ಲಿದ್ದ ಹಳೆಯ ಪಾದರಸದ ಗಾಜಿನ ಕಡ್ಡಿಯನ್ನು ಬಳಕೆಯಿಂದ ತೆಗೆದೆ. ಅದರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಮಕ್ಕಳಿರುವ ಮನೆಯಲ್ಲಿ ಅದು ಒಡೆದರೆ ಪಾದರಸದ ಗುಂಡುಗಳು ನೆಲದ ಸಂದಿಗೆ ಸೇರುತ್ತವೆ. ಅದರ ಆವಿ ಮಕ್ಕಳಿಗೆ ಒಳ್ಳೆಯದಲ್ಲ. ಮೆಡಿಕಲ್ ಅಂಗಡಿಯಲ್ಲಿ ತುದಿ ಬಾಗುವಂಥ ಸಾದಾ ಡಿಜಿಟಲ್ ಥರ್ಮಾಮೀಟರ್ ತಂದೆ. ಕೂಸು ಒದ್ದಾಡಿದರೂ ತುದಿ ಚುಚ್ಚುವುದಿಲ್ಲ.

ಹಣೆಗೆ ಹಿಡಿಯುವ ಗನ್ ಯಾಕೆ ಬೇಡ ಅಂತ ಮಗಳು ಕೇಳಿದಳು. ಕೊರೊನಾ ಕಾಲದಿಂದ ಅದು ಎಲ್ಲರಿಗೂ ಗೊತ್ತಲ್ವಾ. ಗನ್ ಅಳೆಯುವುದು ಹಣೆಯ ಚರ್ಮದ ಬಿಸಿಯನ್ನು. ಬೆವರು ಇದ್ದರೆ, ಫ್ಯಾನ್ ಗಾಳಿ ಬಡಿಯುತ್ತಿದ್ದರೆ ಕಡಿಮೆ ತೋರಿಸುತ್ತದೆ. ಬಿಸಿಲಿನಿಂದ ಆಗಷ್ಟೇ ಒಳಗೆ ಬಂದವರಿಗೆ ಜಾಸ್ತಿ ತೋರಿಸುತ್ತದೆ. ಕೆಲವು ಗನ್‌ಗಳಲ್ಲಿ ಮೈಗೆ ಒಂದು ಮೋಡ್, ಹಾಲು-ನೀರಿಗೆ ಇನ್ನೊಂದು ಮೋಡ್ ಇರುತ್ತದೆ. ಗೊತ್ತಿಲ್ಲದೆ ಅದು ಬದಲಾಗಿದ್ದರೆ ಬರುವ ಸಂಖ್ಯೆಗೆ ಅರ್ಥವೇ ಇಲ್ಲ. ಮಲಗಿರುವ ಮಗುವನ್ನು ಎಬ್ಬಿಸದೆ ಒಮ್ಮೆ ನೋಡೋಕೆ ಗನ್ ಸಾಕು. ಆದರೆ ಆಸ್ಪತ್ರೆಗೆ ಹೋಗಬೇಕಾ ಬೇಡವಾ ಅಂತ ತೀರ್ಮಾನ ಮಾಡೋಕೆ ಸಾಲದು. ಕಿವಿಯೊಳಗೆ ಇಡುವ ಥರ್ಮಾಮೀಟರ್ ದೊಡ್ಡ ಮಕ್ಕಳಿಗೆ ಪರವಾಗಿಲ್ಲ. ಆರು ತಿಂಗಳೊಳಗಿನ ಕೂಸಿನ ಕಿವಿಯ ದಾರಿ ತೀರಾ ಸಣ್ಣದು, ಸರಿಯಾಗಿ ಕೂರುವುದಿಲ್ಲ.

ಡಿಜಿಟಲ್ ತಂದ ಮೇಲೆ ಮಾಡಿದ ಮೊದಲ ಕೆಲಸ, ಪರದೆಯಲ್ಲಿ °F ಇದೆಯಾ °C ಇದೆಯಾ ಅಂತ ನೋಡಿದ್ದು. ಕೆಲವು ಕಂಪನಿಯವು ಗುಂಡಿ ಒತ್ತಿ ಹಿಡಿದರೆ ಬದಲಾಗುತ್ತವೆ. ಮನೆಯವರೆಲ್ಲ ಫ್ಯಾರನ್‌ಹೀಟ್‌ನಲ್ಲೇ ಮಾತಾಡುವುದರಿಂದ ಅದಕ್ಕೇ ಇಟ್ಟೆ. ಆಮೇಲೆ ಆರೋಗ್ಯವಾಗಿದ್ದ ನನ್ನ ಕಂಕುಳಲ್ಲೇ ಇಟ್ಟು, ವಾರ್ಡಿನ ಥರ್ಮಾಮೀಟರ್ ಜೊತೆ ಹೋಲಿಸಿದೆ. ಎರಡಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ.

ಕಂಕುಳಲ್ಲಿ ನೋಡುವುದು ಸುಲಭ ಅನ್ನಿಸುತ್ತದೆ, ಆದರೆ ಕಡಿಮೆ ಬರುವುದು ಇಲ್ಲೇ. ಮೊದಲು ಕಂಕುಳನ್ನು ಒಣಬಟ್ಟೆಯಿಂದ ಒತ್ತಿ ಒರೆಸುತ್ತೇನೆ, ಉಜ್ಜುವುದಿಲ್ಲ. ಲೋಹದ ತುದಿ ಕಂಕುಳ ಗುಳಿಯ ನಟ್ಟನಡುವೆ, ಚರ್ಮಕ್ಕೇ ತಾಗಬೇಕು. ನಡುವೆ ಅಂಗಿಯ ಬಟ್ಟೆ ಸಿಕ್ಕಿಕೊಳ್ಳಬಾರದು, ತುದಿ ಹಿಂದಕ್ಕೆ ಹೊರಗೆ ಚಾಚಿರಬಾರದು. ಆಮೇಲೆ ತೋಳನ್ನು ಎದೆಗೆ ಒತ್ತಿ ಹಿಡಿಯುತ್ತೇನೆ. ಬೀಪ್ ಬಂದ ಕೂಡಲೇ ತೆಗೆಯುವುದಿಲ್ಲ. ಸಾದಾ ಥರ್ಮಾಮೀಟರ್‌ಗಳಲ್ಲಿ ಬಿಸಿ ಏರುವ ವೇಗ ತಗ್ಗಿದಾಗ ಬೀಪ್ ಬರುತ್ತದೆ. ಕಂಕುಳಲ್ಲಿ ಆಮೇಲೂ ನಿಧಾನವಾಗಿ ಏರುತ್ತಲೇ ಇರಬಹುದು. ಅದಕ್ಕೇ ಇನ್ನೂ ಒಂದೆರಡು ನಿಮಿಷ ಹಾಗೇ ಹಿಡಿದು, ಸಂಖ್ಯೆ ನಿಂತ ಮೇಲೆ ಓದುತ್ತೇನೆ. ಪರದೆಯಲ್ಲಿ Lo ಅಂತ ಬಂದರೆ ಬಹುಪಾಲು ತುದಿ ಚರ್ಮಕ್ಕೆ ತಾಗಿಲ್ಲ ಅಂತಲೇ ಅರ್ಥ. ಇನ್ನೊಮ್ಮೆ ಇಡುತ್ತೇನೆ.

'ಕಂಕುಳಲ್ಲಿ ನೋಡಿದರೆ ಒಂದು ಡಿಗ್ರಿ ಸೇರಿಸಬೇಕು' ಅಂತ ತುಂಬಾ ಜನ ಹೇಳುತ್ತಾರೆ. ನಾನು ಸೇರಿಸುವುದಿಲ್ಲ. ವ್ಯತ್ಯಾಸ ಪ್ರತಿ ಸಲವೂ ಒಂದೇ ಇರುವುದಿಲ್ಲ. ಕಂಡ ಸಂಖ್ಯೆಯನ್ನೇ ಬರೆದು ಪಕ್ಕದಲ್ಲಿ 'ಕಂಕುಳು' ಅಂತ ಬರೆದರೆ ಡಾಕ್ಟರಿಗೆ ಅರ್ಥವಾಗುತ್ತದೆ. ನೀವು ಸೇರಿಸಿ ಹೇಳಿ, ಅವರೂ ಮನಸ್ಸಿನಲ್ಲೇ ಸೇರಿಸಿಕೊಂಡರೆ ಜ್ವರ ಸುಮ್ನೆ ಎರಡು ಡಿಗ್ರಿ ಬೆಳೆದುಬಿಡುತ್ತದೆ.

ಇನ್ನು ಕೂಸಿನ ವಿಷಯ. ಇದನ್ನು ನಿಧಾನವಾಗಿ ಓದಿ. ನಮ್ಮ ಬಾಣಂತಿ ಕೋಣೆಗಳು ಬೆಚ್ಚಗಿರುತ್ತವೆ. ಬಿಸಿನೀರಿನ ಸ್ನಾನ, ಆಮೇಲೆ ಸಾಂಬ್ರಾಣಿ, ತಲೆಗೆ ಕುಲಾವಿ, ಮೈಗೆ ಎರಡು ಬಟ್ಟೆ, ಮೇಲೆ ಉಣ್ಣೆ. ಕೂಸಿಗೆ ಒಂದೂವರೆ ತಿಂಗಳಾಗಿದ್ದಾಗ ಒಂದು ಸಂಜೆ ಮಗಳು ಗಾಬರಿಯಿಂದ ಕರೆದಳು, 'ಅಮ್ಮ, ಮೈ ಬಿಸಿ ಇದೆ.' ಕಂಕುಳಲ್ಲಿ 99.9 ಬಂತು. ಕೂಸು ಚೆನ್ನಾಗಿ ಹಾಲು ಕುಡಿಯುತ್ತಿತ್ತು, ಕಣ್ಣು ಬಿಟ್ಟು ನೋಡುತ್ತಿತ್ತು. ಉಣ್ಣೆ ಮತ್ತು ಕುಲಾವಿ ತೆಗೆದು, ಒಂದೇ ತೆಳು ಬಟ್ಟೆಯಲ್ಲಿ ಇಟ್ಟು ಇಪ್ಪತ್ತು ನಿಮಿಷ ಬಿಟ್ಟು ನೋಡಿದೆವು. 98.5 ಇತ್ತು. ಅದು ಹೊದಿಕೆಯ ಬಿಸಿ. ಹೀಗೆ ಕಾಯಬಹುದು ಅಂತ ಹೇಳುವುದು ಕೂಸು ಚುರುಕಾಗಿದ್ದರೆ ಮಾತ್ರ. ಮಂಕಾಗಿದ್ದರೆ, ಹಾಲು ಬಿಟ್ಟಿದ್ದರೆ ಇಪ್ಪತ್ತು ನಿಮಿಷವನ್ನೂ ಕಳೆಯಬಾರದು.

ಕೆಲವು ದಿನಗಳ ನಂತರ ಮತ್ತೆ ಬಿಸಿ ಅನ್ನಿಸಿತು. ಹೊದಿಕೆ ತೆಗೆದು ಕಾದ ಮೇಲೂ 100.6 ಇತ್ತು. ಕೆಮ್ಮಿಲ್ಲ, ನೆಗಡಿಯಿಲ್ಲ, ಲಸಿಕೆ ಹಾಕಿಸಿರಲೂ ಇಲ್ಲ. ಆ ರಾತ್ರಿಯೇ ಆಸ್ಪತ್ರೆಗೆ ಹೋದೆವು, ಪ್ಯಾರಾಸಿಟಮಾಲ್ ಕೊಡದೆ. ಎರಡು ತಿಂಗಳೊಳಗಿನ ಕೂಸಿಗೆ ಕಂಕುಳಲ್ಲಿ 99.5 ಅಥವಾ ಅದಕ್ಕಿಂತ ಜಾಸ್ತಿ ಇದ್ದು, ಹೊದಿಕೆ ತೆಗೆದ ಮೇಲೂ ಇಳಿಯದಿದ್ದರೆ ಡಾಕ್ಟರು ನೋಡಲೇಬೇಕು. ಮೂರು ತಿಂಗಳೊಳಗೆ 100.4 ಮುಟ್ಟಿದರೆ ಬೆಳಗಾಗುವವರೆಗೂ ಕಾಯುವ ಮಾತೇ ಇಲ್ಲ. ಅಷ್ಟು ಸಣ್ಣ ಕೂಸಿನಲ್ಲಿ ರಕ್ತದ ಸೋಂಕು, ಮೆದುಳಿನ ಪೊರೆಯ ಸೋಂಕು ಬೇರೆ ಯಾವ ಲಕ್ಷಣವನ್ನೂ ತೋರಿಸದೆ ಬರೀ ಜ್ವರವಾಗಿ ಶುರುವಾಗಬಹುದು. ಮನೆಯಲ್ಲೇ ಔಷಧಿ ಕೊಟ್ಟು ಹೋದರೆ ಆ ಒಂದೇ ಗುರುತೂ ಮರೆಯಾಗುತ್ತದೆ. ನಮ್ಮ ಕೂಸಿಗೆ ಮೂತ್ರದ ಪರೀಕ್ಷೆಯಲ್ಲಿ ಸೋಂಕು ಸಿಕ್ಕಿತು. ಅಡ್ಮಿಟ್ ಮಾಡಿ ಆಂಟಿಬಯಾಟಿಕ್ ಕೊಟ್ಟರು, ಗುಣವಾಯಿತು.

ಸಣ್ಣ ಕೂಸಿನಲ್ಲಿ ಕಡಿಮೆ ಸಂಖ್ಯೆಯೂ ಅಷ್ಟೇ ಮುಖ್ಯ. ಇದನ್ನು ಮನೆಯವರು ಗಮನಿಸುವುದೇ ಇಲ್ಲ. ಮೈ ತಣ್ಣಗಿದೆ, ಜ್ವರ ಇಲ್ಲ, ಚೆನ್ನಾಗಿ ಮಲಗಿದೆ ಅಂದುಕೊಳ್ಳುತ್ತಾರೆ. ವಾರ್ಡಿಗೆ ಹೀಗೆ ಬಂದ ಕೂಸುಗಳನ್ನು ನಾನು ನೋಡಿದ್ದೇನೆ. ಪಾದ ಮಾತ್ರವಲ್ಲ, ಹೊಟ್ಟೆಯೂ ತಣ್ಣಗಿರುತ್ತದೆ, ಹಾಲು ಚೀಪುವುದಿಲ್ಲ, ಕಂಕುಳಲ್ಲಿ ನೋಡಿದರೆ 95 ಚಿಲ್ಲರೆ. ಸರಿಯಾಗಿ ಇಟ್ಟು ನೋಡಿದಾಗಲೂ 95.9ಕ್ಕಿಂತ ಕಡಿಮೆ ಇದ್ದರೆ ಅದೂ ಸೋಂಕಿನ ಗುರುತಾಗಿರಬಹುದು. ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟು, ಮೇಲೆ ಬಟ್ಟೆ ಹೊದ್ದು, ದಾರಿಯುದ್ದಕ್ಕೂ ಬೆಚ್ಚಗಿಟ್ಟುಕೊಂಡೇ ಆಸ್ಪತ್ರೆಗೆ ಬನ್ನಿ.

ನಾಲ್ಕು ವರ್ಷದ ಮೊಮ್ಮಗಳ ಕಥೆ ಬೇರೆ. ಈ ವಯಸ್ಸಿನಲ್ಲಿ ಸಂಖ್ಯೆಗಿಂತ ಮಗು ಹೇಗಿದೆ ಅನ್ನುವುದನ್ನು ಜಾಸ್ತಿ ನೋಡುತ್ತೇನೆ. 103 ಇದ್ದರೂ ಔಷಧಿ ಕೊಟ್ಟು ಸ್ವಲ್ಪ ಹೊತ್ತಾದ ಮೇಲೆ ಎದ್ದು ಆಡಿದರೆ, ನೀರು ಕುಡಿದರೆ, ಮೂತ್ರ ಹೋದರೆ ನನಗೆ ಅಷ್ಟು ಭಯವಿಲ್ಲ. 100 ಮಾತ್ರ ಇದ್ದು ಮಗು ತೂಕಡಿಸುತ್ತಿದ್ದರೆ, ಉಸಿರು ಜೋರಾಗಿದ್ದರೆ ಹೊರಟೇಬಿಡುತ್ತೇನೆ. ಒಂದು ಸಲ ಅವಳು ಗಡಗಡ ನಡುಗುತ್ತಿದ್ದಳು, ಅಂಗೈ ಮಂಜಿನಂತಿತ್ತು, ಕಂಕುಳಲ್ಲಿ ಬರೀ 99. ಜ್ವರ ಏರುವಾಗ ಚರ್ಮದ ರಕ್ತನಾಳಗಳು ಮುದುಡುತ್ತವೆ. ಬಿಸಿ ಒಳಗೇ ಉಳಿಯುತ್ತದೆ. ಕಂಕುಳು, ಹಣೆ ಎರಡೂ ಆಗ ಕಡಿಮೆ ತೋರಿಸುತ್ತವೆ. ನಡುಕ ನಿಂತ ಮೇಲೆ ನೋಡಿದರೆ 102.8. ಆದ್ದರಿಂದ ಚಳಿ ಹಿಡಿದಾಗ ಬಂದ ಸಂಖ್ಯೆಯನ್ನು ನಂಬಿ ಸುಮ್ಮನಾಗಬೇಡಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ.

ಔಷಧಿ ಕೊಟ್ಟು ಹತ್ತು ಹತ್ತು ನಿಮಿಷಕ್ಕೆ ನೋಡುವುದರಿಂದಲೂ ಪ್ರಯೋಜನವಿಲ್ಲ. ಪ್ಯಾರಾಸಿಟಮಾಲ್‌ನಿಂದ ಜ್ವರ ಇಳಿಯೋಕೆ ಒಂದು ಗಂಟೆಗಿಂತ ಜಾಸ್ತಿ ಬೇಕಾಗಬಹುದು. ಇಳಿದರೂ ಒಂದೆರಡು ಡಿಗ್ರಿ ಇಳಿಯುತ್ತದೆ, ಪೂರ್ತಿ ಹೋಗಲೇಬೇಕು ಅಂತಿಲ್ಲ.

ದೊಡ್ಡವರಿಗೆ ನಾನು ನಾಲಿಗೆಯ ಕೆಳಗೆ ನೋಡುತ್ತೇನೆ. ತುದಿ ನಾಲಿಗೆಯ ಬುಡದ ಪಕ್ಕದ ಗುಳಿಯಲ್ಲಿರಬೇಕು, ತುಟಿ ಮುಚ್ಚಿರಬೇಕು. ಕಾಫಿ ಅಥವಾ ತಣ್ಣೀರು ಕುಡಿದಿದ್ದರೆ ಕಾಲು ಗಂಟೆಯಾದರೂ ಬಿಡಬೇಕು. ಮೂಗು ಕಟ್ಟಿ ಬಾಯಲ್ಲೇ ಉಸಿರಾಡುವವರಿಗೆ ಕಂಕುಳೇ ವಾಸಿ. ಆರೋಗ್ಯವಾಗಿದ್ದವರಲ್ಲೂ ಬೆಳಗಿನ ಜಾವ ಕಡಿಮೆ, ಸಂಜೆ ಸುಮಾರು ಒಂದು ಡಿಗ್ರಿ ಜಾಸ್ತಿ ಇರುತ್ತದೆ. ಸಂಜೆಯ 99 ನೋಡಿ ಮಾತ್ರೆ ನುಂಗುವುದು ಬೇಡ. ಬಾಯಲ್ಲಿ 100.4 ಇದ್ದರೆ ಜ್ವರ.

ಮಳೆಗಾಲದಲ್ಲಿ ಮಗನಿಗೆ ಡೆಂಗಿ ಆಯಿತು. ನಾಲ್ಕು ದಿನ ಸುಟ್ಟ ಜ್ವರ ಐದನೆಯ ದಿನ 98ಕ್ಕೆ ಇಳಿಯಿತು. ಮನೆಯವರಿಗೆಲ್ಲ ಸಮಾಧಾನ. ನನಗೆ ಭಯ ಶುರುವಾಗಿದ್ದೇ ಆಗ. ಡೆಂಗಿಯಲ್ಲಿ ಅಪಾಯದ ಹೊತ್ತು ಹೆಚ್ಚಾಗಿ ಜ್ವರ ಬಿಡುವ ಹೊತ್ತಿನಲ್ಲೇ ಬರುತ್ತದೆ. ಮುಂದಿನ ಒಂದೆರಡು ದಿನ ರಕ್ತನಾಳಗಳಿಂದ ನೀರಿನಂಶ ಸೋರಬಹುದು. ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ತಲೆಸುತ್ತು, ವಿಪರೀತ ಸುಸ್ತು ಇವುಗಳನ್ನು ಕಾಯುತ್ತಾ ಕೂತೆ. ಸಂಜೆ ಹೊಟ್ಟೆನೋವು, ವಾಂತಿ ಬಂದವು. ಥರ್ಮಾಮೀಟರ್ ಜ್ವರ ಇಲ್ಲ ಅನ್ನುತ್ತಿದ್ದಾಗಲೇ ಅವನನ್ನು ಅಡ್ಮಿಟ್ ಮಾಡಿಸಿದೆ. ಡ್ರಿಪ್ ಹಾಕಿದರು, ಮೂರನೆಯ ದಿನಕ್ಕೆ ಸರಿಹೋದ.

ಅತ್ತೆಯವರದ್ದು ಇನ್ನೊಂದು ಲೆಕ್ಕ. 98.6 ಅನ್ನುವ ಸಂಖ್ಯೆ ಜರ್ಮನಿಯ ವುಂಡರ್‌ಲಿಚ್ ಎಂಬ ವೈದ್ಯ 1868ರಲ್ಲಿ ಕೊಟ್ಟ ಸರಾಸರಿ. ಎಲ್ಲರಿಗೂ ಅದೇ ಇರಬೇಕಿಲ್ಲ, ವಯಸ್ಸಾದವರಲ್ಲಿ ಇನ್ನೂ ಕಡಿಮೆ ಇರುತ್ತದೆ. ಅತ್ತೆ ಆರೋಗ್ಯವಾಗಿದ್ದಾಗಲೇ ಕೆಲವು ದಿನ ಬೆಳಿಗ್ಗೆ, ಸಂಜೆ ನೋಡಿ ಬರೆದಿಟ್ಟಿದ್ದೆ. ಬಾಯಲ್ಲಿ 97ರ ಆಸುಪಾಸು ಇರುತ್ತಿತ್ತು. ಒಂದು ದಿನ ಊಟ ಬೇಡ ಅಂದರು, ಮಾತು ತಡವರಿಸುತ್ತಿತ್ತು. ನೋಡಿದರೆ 99.4. ಬೇರೆಯವರಿಗೆ ಅದು ಜ್ವರವೇ ಅಲ್ಲ. ಆದರೆ ಅವರ ಮಾಮೂಲಿಗಿಂತ ಎರಡು ಡಿಗ್ರಿಗೂ ಹೆಚ್ಚು ಏರಿತ್ತು. ವಯಸ್ಸಾದವರಲ್ಲಿ ಅಷ್ಟು ಏರಿದರೆ ಅದನ್ನು ಜ್ವರ ಅಂತಲೇ ಎಣಿಸಬೇಕು. ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಕಂಡಿತು.

ಡಾಕ್ಟರಿಗೆ ತೋರಿಸಿದ್ದು ಥರ್ಮಾಮೀಟರ್ ಡಬ್ಬಿಯ ಜೊತೆಗೇ ಇಡುವ ಸಣ್ಣ ಪುಸ್ತಕವನ್ನು. ಅದರಲ್ಲಿ ಹೀಗಿತ್ತು: 'ಸಂಜೆ 6.15, ಬಾಯಿ, 99.4. ಮಾಮೂಲಿ 97. ಔಷಧಿ ಕೊಟ್ಟಿಲ್ಲ. ಊಟ ಬಿಟ್ಟಿದ್ದಾರೆ, ಮಾತು ತಡವರಿಕೆ.' ಅವರು ಅದನ್ನೇ ಓದಿ ಕೇಸ್ ಶೀಟಿಗೆ ಬರೆದುಕೊಂಡರು.