ಕ್ಯೂಆರ್ ದುಡ್ಡು ಬ್ಯಾಂಕಿಗೆ ಕಡಿಮೆ ಬಂದಿದೆಯೇ? ಹುಡುಕುವುದು ಹೀಗೆ

ಕೊಪ್ಪಳದ ಗವಿಮಠದ ಜಾತ್ರೆಯ ಮರುದಿನ ಪಾತ್ರೆ ಅಂಗಡಿಯ ಅಕ್ಕ ನಮ್ಮ ಮನೆಗೆ ಬಂದರು. ಒಂದು ಕೈಯಲ್ಲಿ ನೋಟ್‌ಬುಕ್ಕು, ಇನ್ನೊಂದರಲ್ಲಿ ಮೊಬೈಲು. "ರಾತ್ರಿ ಹನ್ನೆರಡೂವರೆ ಮಟ ಅಂಗಡಿ ತೆಗೆದಿದ್ವಿರಿ ಅಣ್ಣಾರ. ಫೋನ್‌ಪೇ ಗೀನ್‌ಪೇ ಎಲ್ಲಾ ಸೇರಿ ಬುಕ್ಕಿನಾಗ 18,640 ಐತಿ. ಬ್ಯಾಂಕಿಗೆ ಬಂದಿದ್ದು 16,925. ಉಳಿದ ರೊಕ್ಕ ಎಲ್ಲಿ ಹೋತು?"

ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಈ ಪ್ರಶ್ನೆ ವಾರಕ್ಕೆ ಒಂದೆರಡು ಸಲವಾದರೂ ಬರುತ್ತದೆ. 1,715 ರೂಪಾಯಿ ಚಿಕ್ಕ ಅಂಗಡಿಗೆ ಒಂದು ದಿನದ ಲಾಭಕ್ಕಿಂತ ಜಾಸ್ತಿ. ಅದನ್ನು ಹುಡುಕಿದ ರೀತಿಯನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಮೂರು ಕಾಗದ ಮುಂದಿಡಿ

ಬಹಳ ಜನ ನೋಟ್‌ಬುಕ್ಕಿನ ಮೊತ್ತವನ್ನು ನೇರವಾಗಿ ಪಾಸ್‌ಬುಕ್ಕಿನ ಜೊತೆ ತಾಳೆ ನೋಡುತ್ತಾರೆ. ಅಲ್ಲೇ ತಲೆ ಕೆಡುವುದು. ಇವೆರಡರ ನಡುವೆ ಇನ್ನೊಂದು ಲೆಕ್ಕ ಇದೆ. ಅದು ಕ್ಯೂಆರ್ ಕೊಟ್ಟ ಕಂಪನಿಯ ಆ್ಯಪಿನಲ್ಲಿರುವ ವಹಿವಾಟಿನ ಪಟ್ಟಿ.

ವ್ಯಾಪಾರದ ಕ್ಯೂಆರ್‌ನಲ್ಲಿ ಗಿರಾಕಿ ಕೊಟ್ಟ ದುಡ್ಡು ಸಾಮಾನ್ಯವಾಗಿ ಮೊದಲು ಆ ಕಂಪನಿಯ ಹತ್ತಿರ ಸೇರುತ್ತದೆ. ಒಂದು ದಿನದ್ದೆಲ್ಲ ಒಟ್ಟುಗೂಡಿ ಮರುದಿನ ನಿಮ್ಮ ಖಾತೆಗೆ ಒಂದೇ ಗಂಟಾಗಿ ಜಮಾ ಆಗುತ್ತದೆ. ಇದಕ್ಕೇ ಸೆಟಲ್‌ಮೆಂಟ್ ಅನ್ನುವುದು. ನಿಮ್ಮದು ಸಾದಾ ಸ್ವಂತ ಖಾತೆಯ ಕ್ಯೂಆರ್ ಆಗಿದ್ದರೆ ಪ್ರತಿಯೊಂದು ಪಾವತಿಯೂ ಪಾಸ್‌ಬುಕ್ಕಿನಲ್ಲಿ ಬೇರೆ ಬೇರೆ ಸಾಲಾಗಿ ಕಾಣುತ್ತದೆ. ಆಗ ಈ ನಡುವಿನ ಲೆಕ್ಕ ಬೇಕಾಗುವುದಿಲ್ಲ.

ಹಾಗಾಗಿ ಎರಡು ಸಲ ತಾಳೆ ನೋಡಬೇಕು. ಮೊದಲು ನೋಟ್‌ಬುಕ್ಕಿಗೂ ಆ್ಯಪಿಗೂ, ಆಮೇಲೆ ಆ್ಯಪಿಗೂ ಬ್ಯಾಂಕಿಗೂ. ಅಕ್ಕನ ಆ್ಯಪಿನಲ್ಲಿ ಆ ತಾರೀಖಿಗೆ ಇದ್ದದ್ದು 17,450. ಅಂದರೆ 1,715ರಲ್ಲಿ 1,190 ರೂಪಾಯಿ ಮೊದಲನೇ ಹಂತದಲ್ಲೇ ವ್ಯತ್ಯಾಸ. ಉಳಿದ 525 ಎರಡನೇ ಹಂತದ್ದು. ಇಷ್ಟು ಬೇರೆ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ದುಡ್ಡಿಗಿಂತ ಮೊದಲು ಸಾಲು ಎಣಿಸಿ

ಮೊತ್ತ ಕೂಡುವ ಮುಂಚೆ ಎಷ್ಟು ಸಾಲು ಇವೆ ಎಂದು ಎಣಿಸಿ. ನೋಟ್‌ಬುಕ್ಕಿನಲ್ಲಿ 86 ಇದ್ದವು, ಆ್ಯಪಿನಲ್ಲಿ 82. ನಾಲ್ಕು ಸಾಲು ಕಡಿಮೆ. ಈಗ ಹುಡುಕಬೇಕಾದ್ದು 1,190 ಅಲ್ಲ, ಆ ನಾಲ್ಕು ಸಾಲು.

ಸಾಲುಗಳ ಲೆಕ್ಕ ಸರಿ ಇದ್ದು ಮೊತ್ತ ಮಾತ್ರ ಬೇರೆ ಬಂದರೆ, ಎಲ್ಲೋ ಅಂಕಿ ತಪ್ಪು ಬರೆದಿರುತ್ತೀರಿ. ಆ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ. ಶೇಷ ಉಳಿಯದಿದ್ದರೆ ಅಂಕಿ ಅದಲುಬದಲಾಗಿರುವ ಸಾಧ್ಯತೆ ಜಾಸ್ತಿ. 130 ಬರೆಯುವ ಕಡೆ 310 ಬರೆದರೆ ವ್ಯತ್ಯಾಸ 180, ಅದು 9ರ ಮಗ್ಗಿಯಲ್ಲಿ ಬರುತ್ತದೆ. ಹಳೇ ಗುಮಾಸ್ತರು ಕಲಿಸಿದ ಉಪಾಯ ಇದು, ಇವತ್ತಿಗೂ ಕೆಲಸಕ್ಕೆ ಬರುತ್ತದೆ.

ಟಿಕ್ ಹಾಕುವಾಗ ದೊಡ್ಡ ಮೊತ್ತಗಳಿಂದ ಶುರು ಮಾಡಿ. 50, 100 ರೂಪಾಯಿ ದಿನಕ್ಕೆ ಹತ್ತು ಸಲ ಬರುತ್ತವೆ, ಅವನ್ನು ಒಂದಕ್ಕೊಂದು ಹೊಂದಿಸುವುದು ಕಷ್ಟ. ಅವು ಎಷ್ಟೆಷ್ಟು ಸಲ ಬಂದಿವೆ ಎಂದು ಎರಡೂ ಕಡೆ ಎಣಿಸಿದರೆ ಸಾಕು.

ಅಕ್ಕನ ನೋಟ್‌ಬುಕ್ಕಿನ ಕೊನೆಯ ಮೂರು ಸಾಲು 180, 320, 240. ಆ್ಯಪಿನ ಪಟ್ಟಿಯಲ್ಲಿ ಅವು ಇರಲಿಲ್ಲ. ಮರುದಿನದ ತಾರೀಖು ಒತ್ತಿದೆ. ಎಲ್ಲಕ್ಕಿಂತ ಮೊದಲಿಗೇ ಅವು ಸಿಕ್ಕವು: 12.04, 12.11, 12.26. ಅಕ್ಕನಿಗೆ ಅದು ಜಾತ್ರೆಯ ರಾತ್ರಿ, ಆ್ಯಪಿಗೆ ಹೊಸ ದಿನ. ಆ 740 ರೂಪಾಯಿ ಹೋಗಿರಲಿಲ್ಲ, ಮರುದಿನದ ಗಂಟಿನಲ್ಲಿ ಬರಬೇಕಿತ್ತು. ಜಾತ್ರೆ, ದೀಪಾವಳಿಯಂಥ ದಿನಗಳಲ್ಲಿ ಹನ್ನೆರಡು ಹೊಡೆದ ಕೂಡಲೇ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆದುಬಿಡಿ. ಎಲ್ಲ ಕಂಪನಿಗಳೂ ಮಧ್ಯರಾತ್ರಿಗೇ ದಿನ ಮುಗಿಸುವುದಿಲ್ಲ. ನಿಮ್ಮದರಲ್ಲಿ ಎಷ್ಟು ಹೊತ್ತಿಗೆ ಎಂದು ಪಟ್ಟಿಯ ಮೊದಲ, ಕೊನೆಯ ಸಾಲಿನ ಸಮಯ ನೋಡಿ ತಿಳಿದುಕೊಳ್ಳಿ.

ನಾಲ್ಕನೆಯದು 450 ರೂಪಾಯಿ. ಅದು ಎರಡೂ ದಿನದಲ್ಲಿ ಇರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಬ್ಯಾಂಕಿನ ಸಾಲನ್ನು ಯುಟಿಆರ್ ನೋಡಿ ಹಿಡಿಯಿರಿ

ಗಿರಾಕಿಯ ಫೋನಿನಲ್ಲಿ 12 ಅಂಕಿಯ ಒಂದು ನಂಬರ್ ಇರುತ್ತದೆ. ಅದನ್ನು ಬರೆದುಕೊಂಡು ಪಾಸ್‌ಬುಕ್ಕಿನಲ್ಲಿ ಹುಡುಕಿ, ಸಿಗಲಿಲ್ಲ ಎಂದು ಗಾಬರಿಯಾಗುವವರನ್ನು ನೋಡಿದ್ದೇನೆ. ಒಟ್ಟುಗೂಡಿ ಬರುವ ದುಡ್ಡಿನಲ್ಲಿ ಅದು ಸಿಗುವುದಿಲ್ಲ. ಗಿರಾಕಿಯ ಪಾವತಿಗೆ ಒಂದು ನಂಬರ್, ಕಂಪನಿ ನಿಮಗೆ ಕಳಿಸಿದ ಗಂಟಿಗೆ ಬೇರೆಯದೇ ಯುಟಿಆರ್ ನಂಬರ್. ಆ್ಯಪಿನ ಸೆಟಲ್‌ಮೆಂಟ್ ಪುಟದಲ್ಲಿರುವ ಯುಟಿಆರ್ ಅನ್ನು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹುಡುಕಿ. ಕೆಲವು ಕಂಪನಿಗಳು ದಿನಕ್ಕೆ ಎರಡು ಮೂರು ಸಲ ಕಳಿಸುತ್ತವೆ. ಆಗ ತಾರೀಖು ನೋಡಿ ಕೂಡಿದರೆ ತಪ್ಪುತ್ತದೆ, ಯುಟಿಆರ್ ನೋಡಿ ಕೂಡಬೇಕು.

ಅಕ್ಕನ ಸೆಟಲ್‌ಮೆಂಟ್ ಸಾಲನ್ನು ಒತ್ತಿ ಬಿಡಿಸಿದಾಗ 525ರ ಲೆಕ್ಕ ಅಲ್ಲೇ ಇತ್ತು. ಹಿಂದಿನ ದಿನ ಒಯ್ದಿದ್ದ ಸ್ಟೀಲ್ ಡಬ್ಬಿ ಸೊಟ್ಟ ಇದೆ ಎಂದು ಒಬ್ಬರು ವಾಪಸ್ ತಂದಿದ್ದರು. ಅವರಿಗೆ ಆ್ಯಪಿನಿಂದಲೇ 400 ರೂಪಾಯಿ ಹಿಂದಿರುಗಿಸಿದ್ದು ಅಕ್ಕನ ಮಗ. ಅವನು ಅದನ್ನು ಬರೆದಿರಲಿಲ್ಲ. ಉಳಿದ 125 ಸೌಂಡ್ ಬಾಕ್ಸಿನ ತಿಂಗಳ ಬಾಡಿಗೆ.

ಇನ್ನೊಂದು ಕಡಿತ ಗೊತ್ತಿರಲಿ. ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐ ಪಾವತಿಗೆ 2020ರ ಜನವರಿಯಿಂದ ಅಂಗಡಿಯವರು ಶುಲ್ಕ ಕೊಡಬೇಕಿಲ್ಲ. ಆದರೆ ಕ್ರೆಡಿಟ್ ಕಾರ್ಡ್ ಉಜ್ಜಿದರೆ, ಅಥವಾ ಕ್ರೆಡಿಟ್ ಕಾರ್ಡ್ ಜೋಡಿಸಿದ ಯುಪಿಐನಿಂದ ದೊಡ್ಡ ಮೊತ್ತ ಬಂದರೆ ಶುಲ್ಕ ಕಳೆದು ಬರಬಹುದು. ಪ್ರತಿ ಸಾಲಿನ ಎದುರು ಆ ಶುಲ್ಕ ಕಾಣುತ್ತದೆ.

ಸೆಟಲ್‌ಮೆಂಟೇ ಬಾರದಿದ್ದರೆ ಅದರ ಸ್ಥಿತಿ ಏನಿದೆ ಎಂದು ನೋಡಿ. ಕಳಿಸಿದೆ ಎಂದಿದ್ದೂ ಖಾತೆಯಲ್ಲಿ ಇಲ್ಲದಿದ್ದರೆ ಯುಟಿಆರ್ ಹಿಡಿದು ಬ್ಯಾಂಕಿಗೆ ಹೋಗಿ. ತಡೆಹಿಡಿದಿದೆ ಎಂದಿದ್ದರೆ ಕೇಳಬೇಕಾದ್ದು ಕಂಪನಿಯನ್ನು. ಅದಕ್ಕೆ ಬಹಳ ಸಲ ಕೆವೈಸಿ ಬಾಕಿಯೋ, ಖಾತೆ ನಂಬರ್ ಬದಲಾಗಿದ್ದೋ ಕಾರಣ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಆ 450 ರೂಪಾಯಿ

ಎಲ್ಲೂ ಇಲ್ಲದ ಸಾಲಿಗೆ ನಾಲ್ಕು ಕಾರಣ ಇರಬಹುದು. ದುಡ್ಡು ಮನೆಯವರ ಬೇರೆ ಕ್ಯೂಆರ್‌ಗೆ ಹೋಗಿರಬಹುದು. ನಿಮ್ಮ ಸ್ಟಿಕರ್ ಮೇಲೆ ಯಾರೋ ತಮ್ಮದನ್ನು ಅಂಟಿಸಿರಬಹುದು. ತೋರಿಸಿದ ಪರದೆಯೇ ಸುಳ್ಳಿರಬಹುದು. ಇಲ್ಲವೇ ಪಾವತಿ ನಡುವೆಯೇ ನಿಂತಿರಬಹುದು. ಮೊದಲ ಎರಡನ್ನು ಅಲ್ಲೇ ಪರೀಕ್ಷಿಸಬಹುದು: ನಿಮ್ಮದೇ ಫೋನಿನಿಂದ ಸ್ಕ್ಯಾನ್ ಮಾಡಿ ಯಾರ ಹೆಸರು ಬರುತ್ತದೆ ನೋಡಿ.

ಅಕ್ಕ ಆ ಸಾಲಿನ ಮುಂದೆ "ಕುಕನೂರ ಅಜ್ಜ, ಕೊಳಗ" ಎಂದು ಬರೆದಿದ್ದರು. ಗದ್ದಲದಲ್ಲಿ ಸೌಂಡ್ ಬಾಕ್ಸ್ ಕೂಗಿತೋ ಇಲ್ಲವೋ ನೆನಪಿಲ್ಲ ಎಂದರು. ಅಜ್ಜನಿಗೆ ಫೋನ್ ಮಾಡಿದಾಗ ಖಾತೆಯಿಂದ 450 ಕಡಿತವಾಗಿತ್ತು. ಅವರು ಮೋಸ ಮಾಡಿರಲಿಲ್ಲ.

ಇಂಥ ಪಾವತಿಗೆ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್‌ನ ನಿಯಮ ಇದೆ. ಗಿರಾಕಿಯ ಖಾತೆಯಿಂದ ಹೋಗಿ ಅಂಗಡಿಗೆ ಖಾತ್ರಿ ಬಾರದಿದ್ದರೆ, ಪಾವತಿಯ ದಿನ ಬಿಟ್ಟು ಐದು ದಿನದೊಳಗೆ ದುಡ್ಡು ತಾನಾಗಿಯೇ ಗಿರಾಕಿಗೆ ವಾಪಸ್ ಆಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗಿರಾಕಿಗೆ. ಅದಕ್ಕೇ ಅಂಗಡಿಯವರು ಎಷ್ಟು ಕಾದರೂ ಆ ದುಡ್ಡು ಅಂಗಡಿಯ ಖಾತೆಗೆ ಬರಲಿಕ್ಕಿಲ್ಲ. ದೂರು ಕೊಡಬೇಕಾದವರೂ ಗಿರಾಕಿಯೇ, ತಮ್ಮ ಆ್ಯಪಿನಲ್ಲಿ ಅಥವಾ ಬ್ಯಾಂಕಿನಲ್ಲಿ.

ನಾವು 450 ಅನ್ನು ವ್ಯಾಪಾರದಿಂದ ತೆಗೆದು ಉದ್ರಿ ಪುಟದಲ್ಲಿ ಅಜ್ಜನ ಹೆಸರಿಗೆ ಬರೆದೆವು. 740ರ ಪಕ್ಕ "ನಾಳೆ" ಎಂದು ಬರೆದೆವು. ಮರುದಿನದ ಸೆಟಲ್‌ಮೆಂಟಿನಲ್ಲಿ ಆ ಮೂರು ಸಾಲು ಬಂದವು, ಟಿಕ್ ಹಾಕಿದೆವು. ನಾಲ್ಕನೇ ದಿನ ಅಜ್ಜನ ಖಾತೆಗೆ ದುಡ್ಡು ಮರಳಿತು. ಸಂತೆಗೆ ಬಂದಾಗ ನಗದು ಕೊಟ್ಟು, "ಪುಸ್ತಕದಾಗ ಹೊಡದು ಹಾಕವಾ" ಎಂದು ನಿಂತು ನೋಡಿಯೇ ಹೋದರು.