ರಶೀದಿಯ ಕಿಟಕಿ ತೆರೆಯದಿದ್ದಾಗ: ಒಂದೇ ತಾಣಕ್ಕೆ ಪಾಪ್-ಅಪ್ ಅನುಮತಿ ಕೊಡುವ ಕ್ರಮ

ಬದಿಯಡ್ಕದ ಸಮೀಪದ ಕೃಷಿಕರೊಬ್ಬರಿಗೆ ಸಹಕಾರಿ ಸಂಘದ ಸಾಲದ ಅರ್ಜಿಯೊಂದಿಗೆ ಇಡಲು ಈ ಸಾಲಿನ ತೀರ್ವೆ ರಶೀದಿ ಬೇಕಾಗಿತ್ತು. ಮನೆಯ ಕಂಪ್ಯೂಟರಿನಲ್ಲಿಯೇ ಸರಕಾರಿ ತಾಣವನ್ನು ತೆರೆದು ತೆರಿಗೆ ಕಟ್ಟಿದರು. ಖಾತೆಯಿಂದ 286 ರೂಪಾಯಿ ಕಡಿತವಾದ ಸಂದೇಶ ಮೊಬೈಲಿಗೆ ಬಂತು, ಪಾವತಿಯಾಯಿತೆಂಬ ಸಾಲು ಪರದೆಯ ಮೇಲೂ ಕಾಣಿಸಿತು. ಆದರೆ ರಶೀದಿ ಬರಲಿಲ್ಲ. ಹಣ ಎಲ್ಲೋ ಸಿಕ್ಕಿಕೊಂಡಿತೆಂದು ಭಾವಿಸಿ ಅವರು ಪಾವತಿಯ ಗುಂಡಿಯನ್ನು ಮತ್ತೆ ಒತ್ತುವುದರಲ್ಲಿದ್ದಾಗ, ಜತೆಗಿದ್ದ ನಾನು ತಡೆದೆ. ರಶೀದಿ ಸಿದ್ಧವಾಗಿಯೇ ಇತ್ತು; ಅದು ತೆರೆಯಬೇಕಾಗಿದ್ದ ಕಿಟಕಿಯನ್ನು ಬ್ರೌಸರ್ ತಡೆಹಿಡಿದಿತ್ತು.

ಇಂತಹ ಅನೇಕ ತಾಣಗಳು ರಶೀದಿಯನ್ನು ಅದೇ ಪುಟದಲ್ಲಿ ತೋರಿಸದೆ, ಪಾಪ್-ಅಪ್ ಎಂದು ಕರೆಯುವ ಪ್ರತ್ಯೇಕ ಕಿಟಕಿಯಲ್ಲಿ ತೆರೆಯುತ್ತವೆ. ನಾವು ಗುಂಡಿ ಒತ್ತಿದ ತಕ್ಷಣ ತೆರೆಯುವ ಕಿಟಕಿಯನ್ನು ಬ್ರೌಸರ್ ಸಾಮಾನ್ಯವಾಗಿ ತಡೆಯುವುದಿಲ್ಲ. ನಾವು ಏನನ್ನೂ ಒತ್ತದೆ ಪುಟ ತಾನಾಗಿ ತೆರೆಯಹೊರಟ ಕಿಟಕಿಯನ್ನು ಮಾತ್ರ ಜಾಹೀರಾತೆಂಬ ಸಂಶಯದಿಂದ ತಡೆಯುತ್ತದೆ. ತೆರಿಗೆ ಪಾವತಿಯಲ್ಲಿ ಆಗುವುದೂ ಇದೇ. ನಾವು ಕೊನೆಯ ಬಾರಿ ಗುಂಡಿ ಒತ್ತುವುದು ಬ್ಯಾಂಕಿನ ಪುಟದಲ್ಲಿ. ಅಲ್ಲಿಂದ ಸರಕಾರಿ ಪುಟಕ್ಕೆ ಮರಳಿದ ಮೇಲೆ ರಶೀದಿಯ ಕಿಟಕಿಯನ್ನು ತೆರೆಯಲು ಯತ್ನಿಸುವುದು ಆ ಪುಟವೇ.

ಆದ್ದರಿಂದ ಮೊದಲ ಕೆಲಸವೆಂದರೆ ಪುಟವನ್ನು ಇದ್ದಲ್ಲಿಯೇ ಬಿಡುವುದು. ಹಿಂದಕ್ಕೆ ಹೋಗಬಾರದು, ಪುಟವನ್ನು ಮತ್ತೆ ಲೋಡ್ ಮಾಡಬಾರದು. ಹಾಗೆ ಮಾಡಿದಾಗ "Confirm Form Resubmission" ಎಂಬ ಎಚ್ಚರಿಕೆ ಬಂದರೆ, ಕಳುಹಿಸಿದ್ದ ವಿವರಗಳು ಮತ್ತೊಮ್ಮೆ ಹೋಗಲಿವೆ ಎಂದರ್ಥ. ಅಲ್ಲಿ "Cancel" ಒತ್ತಬೇಕು. ಪರದೆಯಲ್ಲಿರುವ ಪಾವತಿ ಸಂಖ್ಯೆಯನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಎರಡನೆಯದಾಗಿ, ಕ್ರೋಮ್ ಬ್ರೌಸರಿನ ವಿಳಾಸಪಟ್ಟಿಯ ಬಲತುದಿಯನ್ನು ನೋಡಿ. ಕಿಟಕಿಯನ್ನು ತಡೆದಿದ್ದರೆ ಅಲ್ಲಿ ಕೆಂಪು ಗುರುತಿರುವ ಪುಟ್ಟ ಕಿಟಕಿಯ ಚಿತ್ರ ಕಾಣುತ್ತದೆ. ಅದನ್ನು ಒತ್ತಿದಾಗ ತಡೆಹಿಡಿದ ಕಿಟಕಿಯ ಕೊಂಡಿ ಕಾಣಿಸುತ್ತದೆ. ಹೆಚ್ಚಿನವರು ಗಮನಿಸದೆ ಬಿಡುವುದು ಇದನ್ನೇ: ಆ ಕೊಂಡಿಯನ್ನು ಒತ್ತಿದರೆ ರಶೀದಿ ಆಗಲೇ ತೆರೆಯುತ್ತದೆ, ಪುಟವನ್ನು ಮತ್ತೆ ಲೋಡ್ ಮಾಡುವ ಅಗತ್ಯ ಬೀಳುವುದಿಲ್ಲ. ಆ ಕೃಷಿಕರ ರಶೀದಿ ದೊರೆತದ್ದೂ ಹೀಗೆಯೇ. ರಶೀದಿ ತೆರೆದೊಡನೆ ಅದನ್ನು ಪಿಡಿಎಫ್ ಆಗಿ ಉಳಿಸಿಕೊಳ್ಳಿ.

ಮುಂದಿನ ಸಲಕ್ಕಾಗಿ, ಅದೇ ಚೌಕದಲ್ಲಿ "Always allow pop-ups and redirects from" ಎಂಬುದನ್ನು ಆರಿಸಿ "Done" ಒತ್ತಿ. ಒತ್ತುವ ಮೊದಲು ಅಲ್ಲಿರುವ ವಿಳಾಸವನ್ನು ಓದಿ ನೋಡುವುದು ಮುಖ್ಯ. ಅದು ಸರಕಾರಿ ತಾಣದ ವಿಳಾಸವಾಗಿರಬೇಕು. ಕೇರಳ ಸರಕಾರದ ತಾಣವಾದರೆ ಸಾಮಾನ್ಯವಾಗಿ `kerala.gov.in` ಎಂದು ಮುಗಿಯುತ್ತದೆ. ರಶೀದಿಯನ್ನು ತೆರೆಯುವುದು ಬ್ಯಾಂಕಿನ ಪುಟವಲ್ಲವಾದ್ದರಿಂದ, ಅದಕ್ಕೆ ಅನುಮತಿ ಕೊಟ್ಟು ಪ್ರಯೋಜನವಿಲ್ಲ.

ಪಾವತಿಗೆ ಮೊದಲೇ ಅನುಮತಿ ಕೊಟ್ಟಿಡುವುದು ಇನ್ನೂ ಒಳ್ಳೆಯದು. ಅದಕ್ಕಾಗಿ ವಿಳಾಸಪಟ್ಟಿಯಲ್ಲಿ ಇದನ್ನು ಬರೆದು ಎಂಟರ್ ಒತ್ತಿ:

```
chrome://settings/content/popups
```

ಅಲ್ಲಿ ಎಲ್ಲ ತಾಣಗಳಿಗೂ ಅನ್ವಯಿಸುವ ಆಯ್ಕೆಯನ್ನು ಬದಲಿಸದೆ, ಅನುಮತಿ ಪಡೆದ ತಾಣಗಳ ಪಟ್ಟಿಯ ಬಳಿಯಿರುವ "Add" ಒತ್ತಿ ತಾಣದ ವಿಳಾಸವನ್ನು ಸೇರಿಸಿ. ವಿಳಾಸವೆಂದರೆ `https://` ಎಂಬಲ್ಲಿಂದ ತಾಣದ ಹೆಸರು ಮುಗಿಯುವವರೆಗಿನ ಭಾಗ ಮಾತ್ರ, ಉದಾಹರಣೆಗೆ `https://edistrict.kerala.gov.in`. ಹೆಸರಿನ ಆರಂಭದಲ್ಲಿ `[*.]` ಸೇರಿಸಿದರೆ ಅದರ ಉಪತಾಣಗಳಿಗೆಲ್ಲ ಅನುಮತಿ ಹೋಗುತ್ತದೆ; ಒಂದು ರಶೀದಿಗಾಗಿ ಅಷ್ಟು ಅಗಲವಾಗಿ ಬಾಗಿಲು ತೆರೆಯಬೇಕಾಗಿಲ್ಲವೆಂಬುದು ನನ್ನ ಅಭಿಪ್ರಾಯ.

ಫೈರ್‌ಫಾಕ್ಸಿನಲ್ಲಿ ಪುಟದ ಮೇಲ್ಭಾಗದಲ್ಲಿ ಒಂದು ಪಟ್ಟಿ ಮೂಡಿ ಕಿಟಕಿಯನ್ನು ತಡೆದ ವಿಷಯವನ್ನು ತಿಳಿಸುತ್ತದೆ. ಅದರಲ್ಲಿರುವ ಗುಂಡಿಯನ್ನು ಒತ್ತಿದರೆ ಆ ತಾಣಕ್ಕೆ ಮಾತ್ರ ಅನುಮತಿ ಕೊಡುವ ಆಯ್ಕೆಯೂ ತಡೆದ ಕಿಟಕಿಯನ್ನು ತೋರಿಸುವ ಆಯ್ಕೆಯೂ ದೊರೆಯುತ್ತವೆ.

ಅನುಮತಿ ಕೊಟ್ಟ ಮೇಲೂ ರಶೀದಿ ತೆರೆಯದೆ, ವಿಳಾಸಪಟ್ಟಿಯಲ್ಲಿ ತಡೆಯ ಗುರುತೂ ಕಾಣದಿದ್ದರೆ, ಜಾಹೀರಾತು ತಡೆಯಲು ಹಾಕಿಕೊಂಡ ವಿಸ್ತರಣೆ ಅಡ್ಡ ಬಂದಿರಬಹುದು. ಅದನ್ನು ಆ ತಾಣದ ಮಟ್ಟಿಗೆ ನಿಲ್ಲಿಸಿ, ತಾಣದಲ್ಲಿರುವ ಹಳೆಯ ಪಾವತಿಗಳ ಪಟ್ಟಿಯಿಂದ ರಶೀದಿಯನ್ನು ತೆರೆಯಲು ಯತ್ನಿಸಿ. ಬರೆದಿಟ್ಟುಕೊಂಡ ಪಾವತಿ ಸಂಖ್ಯೆ ಬೇಕಾಗುವುದು ಇಲ್ಲಿಯೇ.

ಬೇರೆಯವರ ಕಂಪ್ಯೂಟರಿನಲ್ಲಿ ಈ ಕೆಲಸ ಮಾಡಿದ್ದರೆ, ರಶೀದಿ ಕೈಸೇರಿದ ಮೇಲೆ ಅದೇ ಪಟ್ಟಿಗೆ ಮರಳಿ, ತಾಣದ ಹೆಸರಿನ ಮುಂದಿರುವ ಮೂರು ಚುಕ್ಕಿಗಳನ್ನು ಒತ್ತಿ "Remove" ಆರಿಸಿ. ಉಳಿಸಿಕೊಂಡ ಪಿಡಿಎಫ್ ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು, ಆ ಕಂಪ್ಯೂಟರಿನಿಂದ ಅಳಿಸಿಬಿಡಿ. ಅದರಲ್ಲಿ ಮಾಲಕರ ಹೆಸರೂ ಜಾಗದ ಸರ್ವೆ ನಂಬ್ರವೂ ಇರುತ್ತವೆ.